ಫಾರ್ವರ್ಡ್ ಒತ್ತುವ ಮುನ್ನ ಮೇಲೆ ನಾಲ್ಕು ಸಾಲು

ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳೋಣ. ಲೇತ್ ಮತ್ತು ಗ್ರೈಂಡಿಂಗ್ ಮೆಷಿನ್‌ಗಳಲ್ಲಿ ಉಕ್ಕಿನ ಬುಷ್‌ಗಳನ್ನು ಮಾಡಿಕೊಡುವ ಜಾಗ. ಪುಣೆಯ ಒಬ್ಬ ಗಿರಾಕಿ 400 ಬುಷ್‌ಗಳಿಗೆ ಆರ್ಡರ್ ಕೊಟ್ಟಿದ್ದಾರೆ, ಮಾಲು ಈ ತಿಂಗಳ 28ಕ್ಕೆ ಹೋಗಬೇಕು. 2ನೇ ತಾರೀಕು ಶುಕ್ರವಾರ ಸಂಜೆ ಸೇಲ್ಸ್ ನೋಡಿಕೊಳ್ಳುವ ಶಿವಕುಮಾರ್ ಅವರಿಗೆ ಪುಣೆಯಿಂದ ಒಂದು ಮೇಲ್ ಬರುತ್ತದೆ. ಮನೆಗೆ ಹೊರಡುವ ಹೊತ್ತು. ಇದು ಪ್ಲಾನಿಂಗ್‌ನ ಮಂಜುಳಾ ಅವರು ನೋಡಬೇಕಾದ ವಿಷಯ ಎನ್ನಿಸಿ, ಅವರು ಫಾರ್ವರ್ಡ್ ಒತ್ತಿ, ಮೇಲೆ "ಎಫ್‌ವೈಐ. ಪ್ಲೀಸ್ ಡು ದಿ ನೀಡ್‌ಫುಲ್" ಎಂದು ಬರೆದು ಕಳಿಸಿ ಬೈಕ್ ಹತ್ತುತ್ತಾರೆ.

ಮಂಜುಳಾ ಅದನ್ನು ಬಸ್ಸಿನಲ್ಲಿ ಮೊಬೈಲ್ ತೆರೆದು ನೋಡುತ್ತಾರೆ. ಬರೀ ಮಾಹಿತಿಗೆ ಎಂದೂ ಬರೆದಿದೆ, ಏನೋ ಮಾಡಿ ಎಂದೂ ಬರೆದಿದೆ. ಅದರ ಕೆಳಗಿರುವ ಮೇಲ್‌ನಲ್ಲಿ ಇರುವುದು ಒಂದೇ ಮಾತು: ಧನ್ಯವಾದ, ಸೋಮವಾರ ಮಧ್ಯಾಹ್ನ 12ರೊಳಗೆ ಖಚಿತಪಡಿಸಿ. ಏನನ್ನು ಖಚಿತಪಡಿಸಬೇಕು? ಅದರ ಕೆಳಗೆ ಶಿವಕುಮಾರ್ ಅವರದೇ "ವಿಚಾರಿಸಿ ಹೇಳುತ್ತೇನೆ" ಎಂಬ ಉತ್ತರ. ಅದಕ್ಕೂ ಕೆಳಗೆ, ಮೂರು ಚುಕ್ಕಿಯ ಹಿಂದೆ ಮಡಚಿಕೊಂಡು, ಗುರುವಾರದ ಮೇಲ್ ಇದೆ. ಅಸಲು ವಿಷಯ ಅಲ್ಲಿದೆ: 400ರಲ್ಲಿ 150 ಬುಷ್ ನಮಗೆ 14ಕ್ಕೇ ಬೇಕು, ಉಳಿದದ್ದು 28ಕ್ಕೆ ಬಂದರೆ ಸಾಕು. ಅದರಡಿ ಆರ್ಡರ್, ಚೌಕಾಸಿ, ಕೊಟೇಶನ್, ಮೊದಲ ವಿಚಾರಣೆ. ಒಟ್ಟು ಎಂಟು ಮೇಲ್‌ಗಳ ಸರಪಳಿ. ಬಸ್ಸಿನಲ್ಲಿ ನಿಂತುಕೊಂಡು ಅಷ್ಟು ಆಳಕ್ಕೆ ಇಳಿಯುವವರು ಯಾರು? ಸೇಲ್ಸ್‌ನವರು ಏನೋ ಖಚಿತಪಡಿಸುತ್ತಾರೆ, ನನ್ನ ಗಮನಕ್ಕೆ ತಂದಿದ್ದಾರೆ ಎಂದುಕೊಂಡು ಅವರು ಫೋನ್ ಮುಚ್ಚುತ್ತಾರೆ. ಸೋಮವಾರ ಮಧ್ಯಾಹ್ನ ಪುಣೆಯಿಂದ ಫೋನ್ ಬಂದಾಗ ಶಿವಕುಮಾರ್ ಅವರ ಬಳಿ ಉತ್ತರವಿಲ್ಲ. ಕಳಿಸಿದ್ದೆನಲ್ಲ ಎನ್ನುತ್ತಾರೆ ಇವರು. ನನಗೆ ಏನೂ ಕೇಳಿರಲಿಲ್ಲವಲ್ಲ ಎನ್ನುತ್ತಾರೆ ಅವರು. ಇಬ್ಬರ ಮಾತೂ ನಿಜ.

ಇಂಥ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಓದದವರ ಮೇಲೆ ಗೂಬೆ ಕೂರಿಸುತ್ತೇವೆ. ನನ್ನ ಪ್ರಕಾರ ತಪ್ಪು ಹೆಚ್ಚಾಗಿ ಕಳಿಸಿದವರದು. ಮೇಲ್ ಓದಿ ಅರ್ಥ ಮಾಡಿಕೊಂಡಿದ್ದವರು ಶಿವಕುಮಾರ್ ಒಬ್ಬರೇ. ಎಂಟು ಮೇಲ್‌ಗಳಲ್ಲಿ ಯಾವುದು ಮುಖ್ಯ, ಇದನ್ನು ಮಂಜುಳಾ ಅವರಿಗೇ ಏಕೆ ಕಳಿಸಬೇಕು ಎಂಬುದು ಅವರ ತಲೆಯಲ್ಲಿ ಸ್ಪಷ್ಟವಾಗಿತ್ತು. ಅದನ್ನು ಬರೆಯಲು ಒಂದು ನಿಮಿಷ ಸಾಕಾಗಿತ್ತು. ಅವರು ಬರೆಯದೆ ಬಿಟ್ಟ ಆ ಕೆಲಸವನ್ನು ಈಗ ಓದುವವರು ಮೊದಲಿನಿಂದ ಮಾಡಬೇಕು, ಅದೂ ಆ ಗಿರಾಕಿಯ ಹಿನ್ನೆಲೆ ಏನೂ ತಿಳಿಯದೆ.

ಅದೇ ಮೇಲ್‌ನ ಮೇಲೆ ಈ ಮಾತುಗಳಿದ್ದಿದ್ದರೆ ಹೇಗಿರುತ್ತಿತ್ತು ನೋಡಿ:

"ಮಂಜುಳಾ ಮೇಡಂ, ಪುಣೆಯವರು 400 ಬುಷ್‌ಗಳಲ್ಲಿ 150ನ್ನು 28ರ ಬದಲು 14ಕ್ಕೇ ಕೇಳುತ್ತಿದ್ದಾರೆ. ಆಗುತ್ತದೆಯೋ ಇಲ್ಲವೋ ಸೋಮವಾರ ಬೆಳಿಗ್ಗೆ 11ರೊಳಗೆ ನನಗೆ ತಿಳಿಸಿ, 12ಕ್ಕೆ ನಾನು ಅವರಿಗೆ ಉತ್ತರ ಕೊಡಬೇಕು. ಪೂರ್ತಿ 150 ಆಗದಿದ್ದರೆ ಎಷ್ಟು ಆಗಬಹುದು ಎಂದಾದರೂ ಹೇಳಿ. ಅವರು ಕೇಳಿರುವುದು ಕೆಳಗಿನ ಗುರುವಾರದ ಮೇಲ್‌ನಲ್ಲಿದೆ, ಮೇಲಿನಿಂದ ಮೂರನೆಯದು. ಅದರ ಕೆಳಗಿನದೆಲ್ಲ ಹಳೆಯ ರೇಟಿನ ಮಾತುಕತೆ, ನೀವು ನೋಡಬೇಕಿಲ್ಲ. ಶಿವಕುಮಾರ್"

ಇದು ಓದಲು ಅರ್ಧ ನಿಮಿಷವೂ ಬೇಡ. ಆದರೆ ಇದರಲ್ಲಿ ಪ್ರತಿ ವಾಕ್ಯಕ್ಕೂ ಒಂದು ಕೆಲಸವಿದೆ.

ಮೊದಲ ವಾಕ್ಯ ಈ ಮೇಲ್ ಏಕೆ ಬಂತು ಎಂದು ಹೇಳುತ್ತದೆ, ಅದೂ ಅಂಕಿಗಳ ಸಮೇತ. "ಡೆಲಿವರಿ ವಿಷಯ ನೋಡಿ" ಎಂದಿದ್ದರೆ ಯಾವ ಡೆಲಿವರಿ, ಎಷ್ಟು ಮಾಲು, ಯಾವ ತಾರೀಕು ಎಂದು ಹುಡುಕಲು ಮತ್ತೆ ಕೆಳಗೆ ಇಳಿಯಬೇಕಾಗುತ್ತಿತ್ತು. ಎರಡನೆಯದು ಬೇಕಾದದ್ದು ಏನು, ಯಾವಾಗ ಎಂದು ಹೇಳುತ್ತದೆ. ಇಲ್ಲಿ ಗಡುವು 12 ಅಲ್ಲ, 11. ಗಿರಾಕಿ ಕೊಟ್ಟ ಗಡುವನ್ನೇ ಒಳಗಿನವರಿಗೂ ದಾಟಿಸಿದರೆ ಮಂಜುಳಾ 11:58ಕ್ಕೆ ಉತ್ತರಿಸಿದರೂ ತಪ್ಪಲ್ಲ, ಆದರೆ ಶಿವಕುಮಾರ್ ಅವರಿಗೆ ಅದನ್ನು ಓದಿ ಪುಣೆಗೆ ಬರೆಯಲು ಸಮಯವೇ ಇರುವುದಿಲ್ಲ. ಜೊತೆಗೆ ಕಾರಣವನ್ನೂ ಹೇಳಿದ್ದಾರೆ. ಕಾರಣವಿಲ್ಲದ ಗಡುವನ್ನು ಜನ ಹಿಗ್ಗಿಸಿಕೊಳ್ಳುತ್ತಾರೆ, ಅದು ಎಲ್ಲ ಕಚೇರಿಗಳಲ್ಲೂ ಕಾಣುವ ಸಂಗತಿ.

ಮೂರನೆಯ ವಾಕ್ಯ ನನಗೆ ಬಹಳ ಇಷ್ಟ. 150 ಆಗದಿದ್ದರೆ ಎಷ್ಟು ಆಗಬಹುದು? ಈ ಪ್ರಶ್ನೆ ಇಲ್ಲದಿದ್ದರೆ ಮಂಜುಳಾ ಲೆಕ್ಕ ಹಾಕಿ, ಗ್ರೈಂಡಿಂಗ್ ಮೆಷಿನ್ ಬೇರೆ ಕೆಲಸದಲ್ಲಿದೆ ಎಂದು ನೋಡಿ, "ಆಗುವುದಿಲ್ಲ" ಎಂದು ಒಂದು ಪದದಲ್ಲಿ ಉತ್ತರ ಕೊಟ್ಟುಬಿಡಬಹುದು. ಆಮೇಲೆ ಶಿವಕುಮಾರ್ "ಹಾಗಾದರೆ 100?" ಎಂದು ಕೇಳಬೇಕು, ಅವರು ಮತ್ತೆ ನೋಡಬೇಕು, ಅಷ್ಟರಲ್ಲಿ 12 ಗಂಟೆ ದಾಟಿರುತ್ತದೆ. ಎದುರಿನವರ ಉತ್ತರ "ಇಲ್ಲ" ಎಂದಾದರೆ ನಾವು ಮುಂದೆ ಏನು ಕೇಳುತ್ತೇವೋ ಅದನ್ನು ಈಗಲೇ ಕೇಳಿಬಿಟ್ಟರೆ ಒಂದು ಸುತ್ತು ಉಳಿಯುತ್ತದೆ.

ಕೊನೆಯ ಎರಡು ವಾಕ್ಯಗಳು ಎಲ್ಲಿ ಓದಬೇಕು, ಎಲ್ಲಿ ಓದಬೇಕಿಲ್ಲ ಎಂದು ತೋರಿಸುತ್ತವೆ. ಎರಡನೆಯದನ್ನು ಹೇಳುವವರು ತೀರಾ ಕಡಿಮೆ. ಉದ್ದ ಸರಪಳಿ ಬಂದಾಗ ಓದುವವರನ್ನು ಕಾಡುವುದು ಕೆಳಗೆ ನನಗೆ ಸಂಬಂಧಿಸಿದ್ದು ಇನ್ನೇನಾದರೂ ಇದೆಯೋ ಎಂಬ ಅನುಮಾನ. ಆ ಅನುಮಾನವನ್ನು ತೆಗೆದುಬಿಟ್ಟರೆ ಅವರು ನೇರ ಕೆಲಸಕ್ಕೆ ಇಳಿಯುತ್ತಾರೆ.

ಮೊದಲ ವಾಕ್ಯಕ್ಕೆ ಇನ್ನೊಂದು ಹೊಣೆಯೂ ಇದೆ. ಮೊಬೈಲ್‌ನಲ್ಲಿ ಜಿಮೇಲ್ ತೆರೆದರೆ ಪಟ್ಟಿಯಲ್ಲಿ ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲು ಮತ್ತು ಒಳಗಿನ ಬರಹದ ಮೊದಲ ಕೆಲವು ಪದಗಳು ಮಾತ್ರ. ಮೇಲೆ ಏನೂ ಬರೆಯದೆ ಫಾರ್ವರ್ಡ್ ಮಾಡಿದರೆ ಆ ಜಾಗದಲ್ಲಿ ಬರುವುದು ಇದು:

```
---------- Forwarded message ---------
From:
```

ಮೇಲ್ ತೆರೆಯಬೇಕೋ ನಾಳೆಗೆ ಬಿಡಬೇಕೋ ಎಂದು ನಿರ್ಧಾರವಾಗುವ ಜಾಗದಲ್ಲಿ ಬರೀ ಅಡ್ಡಗೀಟುಗಳು. ನಮಸ್ಕಾರ, ಹೇಗಿದ್ದೀರಿ, ಈ ಕೆಳಗಿನ ಮೇಲ್ ಅನ್ನು ದಯವಿಟ್ಟು ಗಮನಿಸಿ ಎಂದು ಶುರು ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ಹೆಸರು ಹಿಡಿದು ಕರೆದ ಕೂಡಲೇ "ಪುಣೆಯವರು 150 ಬುಷ್ 14ಕ್ಕೇ" ಎಂಬ ಪದಗಳು ಬಂದರೆ ಮಂಜುಳಾ ಬಸ್ಸಿನಲ್ಲೇ ಅದನ್ನು ತೆರೆಯುತ್ತಾರೆ. ಗೌರವದ ಮಾತು ಬೇಡವೆಂದಲ್ಲ. ಹಿರಿಯ ಅಧಿಕಾರಿಗೆ ಬರೆಯುವಾಗ "ಸರ್, ನಮಸ್ಕಾರ" ಇರಲಿ, ಅದರ ಬೆನ್ನಿಗೇ ವಿಷಯ ಬರಲಿ.

ವಿಷಯದ ಸಾಲಿನದೂ ಇದೇ ಕಥೆ. ಈ ಸರಪಳಿಯ ತಲೆಬರಹ ಮೂರು ವಾರದ ಹಿಂದಿನದು, "Fwd: Re: Re: Enquiry for bushes". ಈಗ ಇದು ವಿಚಾರಣೆಯಾಗಿ ಉಳಿದಿಲ್ಲ, ಆರ್ಡರ್ ಬಂದು ಕೆಲಸ ಶುರುವಾಗಿದೆ. ಅದನ್ನು "14ಕ್ಕೆ 150 ಬುಷ್ ಸಾಧ್ಯವೇ? ಸೋಮವಾರ 11ರೊಳಗೆ" ಎಂದು ಬದಲಿಸಬಹುದು. ಕಂಪ್ಯೂಟರ್‌ನಲ್ಲಿ ಜಿಮೇಲ್ ಬಳಸುವವರು ಹೆಸರಿನ ಪಕ್ಕದ ಬಾಣದ ಗುರುತು ಒತ್ತಿದರೆ Edit subject ಸಿಗುತ್ತದೆ. ಇದಕ್ಕೆ ಒಂದು ಬೆಲೆಯೂ ಇದೆ: ತಲೆಬರಹ ಬದಲಾದರೆ ಜಿಮೇಲ್ ಅದನ್ನು ಹೊಸ ಮಾತುಕತೆ ಎಂದು ಬೇರೆಯಾಗಿ ಇಡುತ್ತದೆ, ಹಳೆಯ ಸರಪಳಿಯ ಜೊತೆ ಅದು ಕಾಣುವುದಿಲ್ಲ. ಒಳಗಿನವರಿಂದ ಒಂದು ಉತ್ತರ ಪಡೆಯುವ ಕೆಲಸಕ್ಕೆ ಬದಲಿಸುವುದೇ ಒಳ್ಳೆಯದು. ಎಲ್ಲರೂ ಒಂದೇ ಎಳೆಯಲ್ಲಿ ಓದುತ್ತಿರುವಾಗ ಮಾತ್ರ ಹಾಗೇ ಬಿಡಬೇಕು.

ಇನ್ನು ಬಹಳ ಜನ ಎಡವುವ ಜಾಗಕ್ಕೆ ಬರೋಣ. ಫಾರ್ವರ್ಡ್ ಆಗಿ ಬಂದ ಮೇಲ್‌ಗೆ ರಿಪ್ಲೈ ಒತ್ತಿದರೆ ಉತ್ತರ ಹೋಗುವುದು ಫಾರ್ವರ್ಡ್ ಮಾಡಿದವರಿಗೆ. ಮೂಲ ಮೇಲ್ ಬರೆದವರಿಗೆ ಅಲ್ಲ. ಮಂಜುಳಾ "ನಮಸ್ಕಾರ, 14ಕ್ಕೆ 120 ಪೀಸ್ ಕೊಡುತ್ತೇವೆ" ಎಂದು ಪುಣೆಯವರನ್ನು ಉದ್ದೇಶಿಸಿ ಬರೆದರೂ ಅದು ತಲುಪುವುದು ಶಿವಕುಮಾರ್ ಅವರಿಗೆ. ಅವರು ರಜೆಯಲ್ಲಿದ್ದರೆ ಅದು ಅಲ್ಲೇ ಬಿದ್ದಿರುತ್ತದೆ, ಉತ್ತರ ಕೊಟ್ಟಾಯಿತೆಂದು ಇವರು ನಿಶ್ಚಿಂತೆಯಾಗಿರುತ್ತಾರೆ. ಅದಕ್ಕೇ ಮೇಲಿನ ಟಿಪ್ಪಣಿಯಲ್ಲಿ "ನನಗೆ ತಿಳಿಸಿ" ಎಂಬ ಮಾತಿದೆ. ಗಿರಾಕಿಗೆ ನೇರವಾಗಿ ಬರೆಯಬೇಕೆಂದಿದ್ದರೆ ಅದನ್ನೂ ಸ್ಪಷ್ಟವಾಗಿ ಹೇಳಿ, ಅವರ ವಿಳಾಸವನ್ನು ಟಿಪ್ಪಣಿಯಲ್ಲೇ ಕೊಡಬೇಕು. ಅನುಕೂಲವೆಂದು ಗಿರಾಕಿಯನ್ನು ಅದೇ ಫಾರ್ವರ್ಡ್‌ಗೆ ಸೇರಿಸಲು ಹೋಗಬೇಡಿ. ನಿಮ್ಮವರಿಗಾಗಿ ಬರೆದ ಟಿಪ್ಪಣಿಯನ್ನು ಅವರೂ ಓದುತ್ತಾರೆ.

ಲಗತ್ತಿನ ವಿಷಯದಲ್ಲೂ ಇಂಥದ್ದೇ ಒಂದು ಬಲೆ ಇದೆ. ಫಾರ್ವರ್ಡ್ ಮಾಡಿದರೆ ಫೈಲ್‌ಗಳೂ ಹೋಗುತ್ತವೆ ಎಂದು ನಂಬಿರುತ್ತೇವೆ. ಹೋಗುತ್ತವೆ, ಆದರೆ ಯಾವ ಮೇಲ್ ಅನ್ನು ಫಾರ್ವರ್ಡ್ ಮಾಡುತ್ತೇವೋ ಅದಕ್ಕೆ ಅಂಟಿಕೊಂಡ ಫೈಲ್‌ಗಳು ಮಾತ್ರ. ಬುಷ್‌ನ ಡ್ರಾಯಿಂಗ್ ಬಂದಿದ್ದು ಮೂರು ವಾರದ ಹಿಂದಿನ ಮೊದಲ ಮೇಲ್‌ನಲ್ಲಿ. ಅದಕ್ಕೆ ಉತ್ತರ, ಉತ್ತರಕ್ಕೆ ಉತ್ತರ ಎಂದು ಬರೆಯುತ್ತಾ ಹೋದಾಗ ಅಕ್ಷರಗಳು ಕೆಳಗೆ ಉಳಿದವು, ಫೈಲ್ ಕಳಚಿಕೊಂಡಿತು. ಶುಕ್ರವಾರದ ಮೇಲ್ ಅನ್ನು ದಾಟಿಸಿದರೆ "ಡ್ರಾಯಿಂಗ್ ಲಗತ್ತಿಸಿದೆ" ಎಂಬ ಹಳೆಯ ವಾಕ್ಯ ಕಾಣುತ್ತದೆ, ಡ್ರಾಯಿಂಗ್ ಇರುವುದಿಲ್ಲ. ಕಳಿಸುವ ಮುನ್ನ ಬರಹದ ಕೊನೆಗೆ ಇಳಿದು ಫೈಲ್‌ನ ಹೆಸರು ಅಲ್ಲಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಬೇರೆಯಾಗಿ ಸೇರಿಸಿ, "ಡ್ರಾಯಿಂಗ್ ಈ ಮೇಲ್‌ಗೇ ಹಾಕಿದ್ದೇನೆ" ಎಂದು ಮೇಲೆ ಅರ್ಧ ಸಾಲು ಬರೆಯಬೇಕು.

ಹಾಗೆ ಕೆಳಗೆ ಇಳಿದಾಗ ಇನ್ನೊಂದನ್ನೂ ನೋಡಬೇಕು, ಏಕೆಂದರೆ ಸರಪಳಿಯ ಅಪಾಯ ಇರುವುದು ಬಾಲದಲ್ಲಿ. ನಮ್ಮ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಬುಷ್‌ಗಳನ್ನು ಗಟ್ಟಿಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಈ ಕಾರ್ಖಾನೆಯಲ್ಲಿ ಇಲ್ಲ, ಅದನ್ನು ಹೊರಗೆ ಜಾಬ್ ವರ್ಕ್‌ಗೆ ಕೊಡುತ್ತಾರೆ. 150 ಪೀಸ್ 14ಕ್ಕೆ ಹೋಗಬೇಕಾದರೆ ಹೀಟ್ ಟ್ರೀಟ್‌ಮೆಂಟ್‌ನವರು 9ಕ್ಕೇ ಮಾಲು ತೆಗೆದುಕೊಂಡು 10ಕ್ಕೆ ವಾಪಸ್ ಕೊಡಬೇಕು. ಮಂಜುಳಾ ಅವರನ್ನು ಕೇಳಲೇಬೇಕು. ಕೈಯಲ್ಲಿರುವ ಮೇಲ್ ಅನ್ನೇ ಅವರಿಗೂ ಫಾರ್ವರ್ಡ್ ಮಾಡಿಬಿಟ್ಟರೆ? ಪುಣೆಯವರ ಜೊತೆ ನಡೆದ ಚೌಕಾಸಿ, ಒಂದು ಪೀಸಿಗೆ ಒಪ್ಪಿದ ದರ, ಗಿರಾಕಿಯ ಹೆಸರು, ಅವರ ಖರೀದಿ ಅಧಿಕಾರಿಯ ಫೋನ್ ನಂಬರ್ ಎಲ್ಲವೂ ಹೊರಗಿನವರ ಕೈಗೆ ಹೋಯಿತು. ಮುಂದಿನ ಸಲ ಅವರು ತಮ್ಮ ರೇಟು ಏರಿಸುವಾಗ ನಿಮಗೆ ಎಷ್ಟು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸಂಸ್ಥೆಯ ಗಡಿ ದಾಟುವ ಕಡೆ ಫಾರ್ವರ್ಡ್ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಹೊಸ ಮೇಲ್ ಬರೆಯುವುದೇ ಸರಿ: "150 ಬುಷ್‌ಗಳನ್ನು 9ಕ್ಕೆ ಬೆಳಿಗ್ಗೆ ಕಳಿಸಿದರೆ 10ರ ಸಂಜೆ ವಾಪಸ್ ಸಿಗಬಹುದೇ? ಸೋಮವಾರ ಬೆಳಿಗ್ಗೆ 10ರೊಳಗೆ ತಿಳಿಸಿ. ಕಳೆದ ಸಲದ್ದೇ ಗಡಸುತನ ಸಾಕು." ಅವರಿಗೆ ಬೇಕಾದದ್ದು ಇಷ್ಟೇ. ಫಾರ್ವರ್ಡ್‌ಗೆ ಅರ್ಥವಿರುವುದು ಮೂಲದ ಮಾತು ಓದುವವರಿಗೆ ಬೇಕಾದಾಗ, ಅಂದರೆ ಗಿರಾಕಿ ನಿಜಕ್ಕೂ ಏನು ಬರೆದಿದ್ದಾರೆ ಎಂದು ಕಣ್ಣಾರೆ ನೋಡಬೇಕಾದಾಗ.

ಒಳಗಿನವರಿಗೆ ಕಳಿಸುವಾಗಲೂ ಬೇಡದ ಬಾಲವನ್ನು ಕತ್ತರಿಸಬಹುದು. ಕತ್ತರಿಸಬಹುದು, ತಿದ್ದಬಾರದು. ಇದು ಹಳೆಯ ನಿಯಮ. ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಕಡೆಯಿಂದ 1995ರಲ್ಲಿ ಆರ್‌ಎಫ್‌ಸಿ 1855 ಎಂಬ ಶಿಷ್ಟಾಚಾರದ ಕೈಪಿಡಿ ಹೊರಬಂತು. ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವಾಗ ಪದಗಳನ್ನು ಬದಲಿಸಬೇಡಿ, ಬೇಕಾದ ಭಾಗವನ್ನಷ್ಟೇ ಉಳಿಸಿ ಚಿಕ್ಕದು ಮಾಡಬಹುದು, ಆದರೆ ಯಾರ ಮಾತು ಎಂಬುದು ಉಳಿದಿರಲಿ ಎಂದು ಅದರಲ್ಲಿದೆ. ಕತ್ತರಿಸಿದ್ದೀರಿ ಎಂಬುದನ್ನೂ ಮೇಲೆ ಹೇಳಿಬಿಟ್ಟರೆ ಓದುವವರಿಗೆ ಗೊಂದಲವಿಲ್ಲ: "ರೇಟಿನ ಭಾಗ ತೆಗೆದಿದ್ದೇನೆ."

ಒಂದೇ ಮೇಲ್ ಮೂವರಿಗೆ ಹೋದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರತಿಯೊಬ್ಬರೂ ಉಳಿದಿಬ್ಬರಲ್ಲಿ ಯಾರಾದರೂ ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಟಿಪ್ಪಣಿಯಲ್ಲಿ ಹೆಸರು ಹಿಡಿದು ಕೆಲಸ ಹಂಚದೆ ಇದಕ್ಕೆ ಪರಿಹಾರವಿಲ್ಲ: "ಮಂಜುಳಾ ಮೇಡಂ, 150 ಆಗುತ್ತದೆಯೇ ನೋಡಿ. ಸ್ಟೋರ್ಸ್‌ನವರು ಕಚ್ಚಾ ಮಾಲು ಎಷ್ಟಿದೆ ಎಂದು ಅವರಿಗೆ ಇಂದೇ ತಿಳಿಸಿ. ಸರ್, ಇದು ನಿಮ್ಮ ಗಮನಕ್ಕೆ ಮಾತ್ರ." ಕೆಲಸ ಇರುವವರು To ಸಾಲಿನಲ್ಲಿ, ಗಮನಕ್ಕೆ ಮಾತ್ರ ಇರುವವರು Cc ಸಾಲಿನಲ್ಲಿ. ನಿಜವಾಗಿಯೂ ಬರೀ ಮಾಹಿತಿಗಾಗಿ ಕಳಿಸುತ್ತಿದ್ದರೆ ಅದನ್ನೂ ಪೂರ್ತಿ ಹೇಳಬೇಕು, "ನೀವು ಏನೂ ಮಾಡಬೇಕಿಲ್ಲ, ಮುಂದಿನ ವಾರ ಪುಣೆಯವರು ಬಂದಾಗ ಗೊತ್ತಿರಲಿ ಎಂದು ಕಳಿಸಿದೆ" ಎಂದು. ಎಫ್‌ವೈಐ ಎಂಬ ಮೂರಕ್ಷರಕ್ಕೆ ಅಷ್ಟು ಹೇಳುವ ಶಕ್ತಿ ಇಲ್ಲ.

ನಮ್ಮ ಸರ್ಕಾರಿ ಕಚೇರಿಗಳಿಗೆ ಈ ಪದ್ಧತಿ ಹೊಸದೇನಲ್ಲ. ಬಂದ ಟಪಾಲಿನ ಅಂಚಿನಲ್ಲಿ ಯಾವ ವಿಭಾಗ, ಏನು ಕ್ರಮ ಎಂದು ಷರಾ ಬರೆದು ಸಹಿ ಹಾಕಿ ಕೆಳಗೆ ಇಳಿಸುವುದು ಕಾಗದದ ಕಾಲದಿಂದ ನಡೆದುಬಂದಿದೆ. "ನಿಯಮಾನುಸಾರ ಪರಿಶೀಲಿಸಿ 3 ದಿನದಲ್ಲಿ ಮಂಡಿಸಿ" ಎಂದು ಬರೆಯುವ ಅಧಿಕಾರಿಯೂ ಇದ್ದಾರೆ, "ಸೂಕ್ತ ಕ್ರಮಕ್ಕಾಗಿ" ಎಂದಷ್ಟೇ ಬರೆಯುವವರೂ ಇದ್ದಾರೆ. ಎರಡನೆಯ ಷರಾ ಹೊತ್ತ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುವುದನ್ನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ಕಂಡಿದ್ದಾರೆ. ಸೂಕ್ತ ಕ್ರಮ ಯಾವುದು ಎಂದು ನಿರ್ಧರಿಸುವ ಹೊಣೆಯನ್ನು ಅದು ಕೆಳಗಿನವರ ತಲೆಗೆ ಕಟ್ಟುತ್ತದೆ, ನಿರ್ಧರಿಸುವ ಅಧಿಕಾರವನ್ನು ಕೊಡುವುದಿಲ್ಲ. ನೀಡ್‌ಫುಲ್ ಎಂಬ ನಮ್ಮ ಇಂಗ್ಲಿಷ್ ಮೇಲ್‌ಗಳ ರೂಢಿಯೂ ಇದೇ ಜಾತಿಯದು.

ಕಾಗದವನ್ನು ದಾಟಿಸಿದ ಮೇಲೆ ಬರೆದವರಿಗೂ ತಿಳಿಸಬೇಕು ಎಂಬ ಮಾತನ್ನು ಒಂದು ಕಡೆಯಂತೂ ಕಾನೂನೇ ಹೇಳಿದೆ. ಮಾಹಿತಿ ಹಕ್ಕು ಕಾಯ್ದೆ 2005ರ 6(3)ನೇ ಕಲಂ ಪ್ರಕಾರ, ತಮಗೆ ಸಂಬಂಧಿಸದ ಅರ್ಜಿ ಬಂದರೆ ಅದನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ 5 ದಿನದೊಳಗೆ ವರ್ಗಾಯಿಸಬೇಕು, ವರ್ಗಾಯಿಸಿದ್ದನ್ನು ಅರ್ಜಿದಾರರಿಗೆ ಕೂಡಲೇ ತಿಳಿಸಬೇಕು. ಮೇಲ್‌ನಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ನೀವು ಫಾರ್ವರ್ಡ್ ಮಾಡಿದ್ದು ಮೂಲ ಕಳಿಸಿದವರಿಗೆ ಗೊತ್ತಾಗುವುದೇ ಇಲ್ಲ. ಪುಣೆಯವರ ದೃಷ್ಟಿಯಲ್ಲಿ ಶಿವಕುಮಾರ್ ಶುಕ್ರವಾರದಿಂದ ಸುಮ್ಮನಿದ್ದಾರೆ. "ಪ್ಲಾನಿಂಗ್‌ನವರಿಗೆ ಕಳಿಸಿದ್ದೇನೆ, ಸೋಮವಾರ 12ರೊಳಗೆ ಹೇಳುತ್ತೇನೆ" ಎಂದು ಅವರಿಗೆ ಒಂದು ಸಾಲು ಬರೆದಿದ್ದರೆ ಆ ಫೋನ್ ಬರುತ್ತಿರಲಿಲ್ಲ.

ಟಿಪ್ಪಣಿಗೂ ಒಂದು ಮಿತಿ ಇದೆ. ನಾಲ್ಕೈದು ವಾಕ್ಯ ದಾಟಿದರೆ ಅದು ಇನ್ನೊಂದು ಮೇಲ್ ಆಗಿಬಿಡುತ್ತದೆ, ಮೊದಲಿನ ತೊಂದರೆಯೇ ತಿರುಗಿ ಬರುತ್ತದೆ. ಅಷ್ಟು ಹೇಳಬೇಕಿದ್ದರೆ ಫೋನ್ ಮಾಡಿ, ಮಾತು ಮುಗಿದ ಮೇಲೆ ಒಪ್ಪಿಕೊಂಡದ್ದನ್ನು ಎರಡು ಸಾಲಿನಲ್ಲಿ ಬರೆದು ಮೇಲ್ ದಾಟಿಸಿ. ಗಿರಾಕಿಯ ಬಗ್ಗೆ ಸಿಟ್ಟು, ಸಹೋದ್ಯೋಗಿಯ ಬಗ್ಗೆ ಕೊಂಕು ಟಿಪ್ಪಣಿಯಲ್ಲಿ ಖಂಡಿತ ಬೇಡ. ಈ ಮೇಲ್ ನಾಳೆ ಇನ್ಯಾರಿಗೋ ಫಾರ್ವರ್ಡ್ ಆದಾಗ ನಿಮ್ಮ ಇಂದಿನ ಟಿಪ್ಪಣಿ ಅದರ ಬಾಲದಲ್ಲಿರುತ್ತದೆ.

ಬಾಲ ಕತ್ತರಿಸಲು, ಹೆಸರು ಸರಿಪಡಿಸಲು ಮರೆತದ್ದು ನೆನಪಾಗುವುದು ಬಹುಪಾಲು ಕಳಿಸು ಗುಂಡಿ ಒತ್ತಿದ ಮರುಕ್ಷಣದಲ್ಲಿ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯುವ Undo ಸೌಲಭ್ಯ ಮೊದಲಿಗೆ 5 ಸೆಕೆಂಡಿಗೆ ಮಾತ್ರ ಹೊಂದಿಸಿರುತ್ತದೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, General ಪುಟದ Undo Send ಎಂಬಲ್ಲಿ ಅದನ್ನು 30 ಸೆಕೆಂಡ್‌ವರೆಗೆ ಏರಿಸಬಹುದು. ಇವತ್ತೇ ಏರಿಸಿಟ್ಟುಕೊಳ್ಳಿ. ಆ 30 ಸೆಕೆಂಡ್ ಕಳೆದ ಮೇಲೆ ಜಿಮೇಲ್‌ನಿಂದ ಹೊರಟ ಮೇಲ್ ಅನ್ನು ವಾಪಸ್ ತರಲು ದಾರಿ ಇಲ್ಲ.